ಎರಡು ಸಲ ನಷ್ಟ, ಎರಡು ಸಲ ಎಕ್ಸೆಸ್

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ಜುಲೈನಲ್ಲಿ ಗಾಳಿಗೆ ಶೀಟು ಹಾರಿ ₹8,400 ಖರ್ಚಾಯ್ತು. ಶೀಟು ಹಾಕಿಸಿದ ಮೇಲೆ, ಆಗಸ್ಟ್‌ನಲ್ಲಿ ಇನ್ನೊಂದು ಗಾಳಿಮಳೆಗೆ ಹಿಂದಿನ ಗೋದಾಮಿನ ₹9,200ರ ಮಾಲು ನೆನೆದು ಹಾಳಾಯ್ತು. ಅಂಗಡಿಯ ವಿಮೆಯಲ್ಲಿ ನಮ್ಮ ಪಾಲಿಗೇ ಬಿಡುವ ಮೊತ್ತ, ಅಂದರೆ ಎಕ್ಸೆಸ್, ₹10,000 ಕಳೆದರೂ ಕಂಪನಿಯಿಂದ ₹7,600 ಬರಬೇಕಲ್ವಾ? ಒಂದು ಪೈಸೆಯೂ ಬರಲಿಲ್ಲ.

ಉತ್ತರ: ಲೆಕ್ಕ ತಪ್ಪಿದ್ದು ಕೂಡಿಸಿದ ಕಡೆ. ಎಕ್ಸೆಸ್ ವರ್ಷಕ್ಕೊಂದು ಸಲ ಕಳೆಯುವ ಮೊತ್ತವಲ್ಲ, ಪ್ರತಿ ಘಟನೆಗೂ ಕಳೆಯುವ ಮೊತ್ತ. ಜುಲೈ ಗಾಳಿ ಒಂದು ಘಟನೆ, ಆಗಸ್ಟ್ ಮಳೆ ಇನ್ನೊಂದು. ಎರಡೂ ಹತ್ತು ಸಾವಿರದ ಒಳಗೇ ಇವೆ. ಹಾಗಾಗಿ ಎರಡೂ ನಿಮ್ಮ ಜೇಬಿಂದಲೇ.

ಇದೇ ಎರಡು ನಷ್ಟ ಒಂದೇ ರಾತ್ರಿಯ ಗಾಳಿಮಳೆಗೆ ಆಗಿದ್ದರೆ ನೀವು ಹೇಳಿದ ₹7,600 ಸಿಗಬಹುದಿತ್ತು. ಕೆಲವರು ಇಲ್ಲೇ ಎಡವುತ್ತಾರೆ. ಶೀಟಿಗೆ ಇವತ್ತು ಒಂದು ಕ್ಲೈಮು, ಮೂಲೆಯ ಚೀಲ ನೆನೆದದ್ದು ವಾರ ಬಿಟ್ಟು ಕಂಡಾಗ ಇನ್ನೊಂದು ಕ್ಲೈಮು. ಕಂಪನಿಯವರು ಎರಡು ಎಕ್ಸೆಸ್ ಹಿಡಿದರೆ, ಅದು ಒಂದೇ ಗಾಳಿಯ ನಷ್ಟ ಅಂತ ತೋರಿಸುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಗಾಳಿ ನಿಂತ ಕೂಡಲೇ ಹಿಂದಿನ ಗೋದಾಮನ್ನೂ ನೋಡಿ. ಟಾರ್ಪಾಲು ಹೊದಿಸುವ ಮೊದಲು ಫೋಟೋ ತೆಗೆಯಿರಿ, ದಿನ ಮತ್ತು ಹೊತ್ತು ಬರೆದಿಟ್ಟು ಎಲ್ಲವನ್ನೂ ಒಂದೇ ಕ್ಲೈಮಿನಲ್ಲಿ ತೋರಿಸಿ. ನಷ್ಟ ಎಕ್ಸೆಸ್‌ಗಿಂತ ಕಮ್ಮಿ ಅನ್ನಿಸಿದರೂ ತಡಮಾಡದೆ ಒಂದು ಮಾತು ತಿಳಿಸಿಡಿ. ಆಮೇಲೆ ಜಾಸ್ತಿ ಹಾಳಾಗಿರುವುದು ಕಂಡರೆ ಅದೇ ಕ್ಲೈಮಿಗೆ ಸೇರಿಸಲು ದಾರಿ ಇರುತ್ತದೆ.

ಇನ್ನೊಂದು ವಿಷಯ. ಎಕ್ಸೆಸ್ ಕಳೆಯುವುದು ನಿಮ್ಮ ಬಿಲ್ಲಿನಿಂದಲ್ಲ, ನಷ್ಟ ಎಷ್ಟೆಂದು ನೋಡಲು ಬರುವ ಸರ್ವೇಯರ್ ಒಪ್ಪಿದ ಮೊತ್ತದಿಂದ, ಅದೂ ಕೊನೆಯಲ್ಲಿ. ನಿಮ್ಮ ಮಾಲು ₹20 ಲಕ್ಷದ್ದು, ಪಾಲಿಸಿ ಮಾಡಿಸಿದ್ದು ₹15 ಲಕ್ಷಕ್ಕೆ ಅಂತಿಟ್ಟುಕೊಳ್ಳಿ. ಕಮ್ಮಿ ವಿಮೆಯ ನಿಯಮ ಹಾಕಿದರೆ ₹16,000 ನಷ್ಟದಲ್ಲಿ ಮುಕ್ಕಾಲು ಪಾಲು, ಅಂದರೆ ₹12,000 ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಎಕ್ಸೆಸ್ ಹೋಗಿ ಕೈಗೆ ಬರುವುದು ₹2,000. ಸಣ್ಣ ಕ್ಲೈಮನ್ನು ಎಕ್ಸೆಸ್ ತಿನ್ನುವುದು ಹೀಗೆ. ₹2 ಲಕ್ಷದ ನಷ್ಟಕ್ಕೆ ಅದೇ ಹತ್ತು ಸಾವಿರ ಬರೀ ನೂರಕ್ಕೆ ಐದು.

ಇದು ಕಂಪನಿಯ ಮೋಸವೇನಲ್ಲ. ನಾಲ್ಕು ಶೀಟಿಗೆ ಸರ್ವೇಯರ್ ಬಂದು ಹೋಗುವ ಖರ್ಚೇ ನಷ್ಟದ ಹತ್ತಿರ ಬರುತ್ತದೆ. ಆದರೆ ಪಾಲಿಸಿ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳುವವರು ಕಮ್ಮಿ, ಆ ಕೋಪ ನನಗೂ ಇದೆ. ನವೀಕರಣಕ್ಕೆ ಮುಂಚೆ ಷೆಡ್ಯೂಲಿನಲ್ಲಿ ಎಕ್ಸೆಸ್ ಎಷ್ಟು, ಬರೀ ಮೊತ್ತವೋ ಶೇಕಡಾವಾರೋ ನೋಡಿ. "ಕ್ಲೈಮಿನ ಶೇ 5, ಕನಿಷ್ಠ ₹10,000" ಅಂತಿದ್ದರೆ ₹6 ಲಕ್ಷದ ನಷ್ಟಕ್ಕೆ ₹30,000 ಹೋಗುತ್ತದೆ. ಪ್ರೀಮಿಯಂ ಇಳಿಯುತ್ತದೆ ಅಂತ ಸುಮ್ನೆ ಎಕ್ಸೆಸ್ ಏರಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಎರಡು ಮೂರು ಸಲ ಶೀಟು ಹಾರುವ ಜಾಗ ನಿಮ್ಮದು.