ಆದಿವಾಸಿಗಳ ಹಾಡಿ ಖಾಲಿ ಮಾಡಿಸುವ ಮುಂಚೆ ಯಾವ ಕಾಗದ ಬಂದಿತ್ತು?

ಪ್ರಶ್ನೆ: ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಗೆ ಬರೋ ಕುಟುಂಬಕ್ಕೆ 15 ಲಕ್ಷ ಕೊಡ್ತಾರಂತಲ್ಲ. ಕಾಡೂ ಉಳಿಯುತ್ತೆ, ಅವರಿಗೂ ಶಾಲೆ, ಆಸ್ಪತ್ರೆ ಸಿಗುತ್ತೆ. ಆದ್ರೂ ಅನ್ಯಾಯ ಅನ್ನೋದು ಯಾಕೆ?

ಕೆಲವು ಕಡೆ ಅನ್ಯಾಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರಣ್ಯ ಹಕ್ಕಿನ ಅರ್ಜಿ ತುಂಬಿಸುವ ಕೆಲಸದಲ್ಲಿ ಇದ್ದವನು ನಾನು. ನನ್ನಂಥವರು ಎಲ್ಲ ಸ್ಥಳಾಂತರವನ್ನೂ ಒಂದೇ ಸಮ ಬೈಯುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ.

ಭದ್ರಾ ಅಭಯಾರಣ್ಯವನ್ನೇ ನೋಡಿ. 2001-02ರಲ್ಲಿ ಅಲ್ಲಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಇವರು ಗದ್ದೆ ಮಾಡಿಕೊಂಡು, ದನ ಸಾಕಿಕೊಂಡು ಇದ್ದವರು. ಸುತ್ತ ಕಾಡು, ನಡುವೆ ಭತ್ತ. ಆನೆಗೆ ಇದಕ್ಕಿಂತ ಒಳ್ಳೆ ಊಟ ಎಲ್ಲಿ ಸಿಗಬೇಕು? ಸ್ಥಳಾಂತರಕ್ಕೆ ಮುಂಚೆ ನಡೆದ ಒಂದು ಅಧ್ಯಯನದ ಪ್ರಕಾರ, ಅಲ್ಲಿನ ಕುಟುಂಬಗಳು ವರ್ಷಕ್ಕೆ ಶೇ. 12ರಷ್ಟು ದನಕರುಗಳನ್ನು ಹುಲಿ, ಚಿರತೆಗೆ ಕಳೆದುಕೊಳ್ಳುತ್ತಿದ್ದವು. ಶೇ. 11ರಷ್ಟು ಬೆಳೆ ಆನೆ ಪಾಲಾಗುತ್ತಿತ್ತು. ಹೋಗುತ್ತೇವೆ, ಆದರೆ ಸರಿಯಾದ ಜಮೀನು ಕೊಡಿ ಅನ್ನುವ ಮಾತು ಊರಿನ ಒಳಗಿನಿಂದಲೂ ಬಂದಿತ್ತು. ಎಂ.ಸಿ. ಹಳ್ಳಿ ಬಳಿ ಅವರಿಗೆ ಸಿಕ್ಕಿದ್ದು ನೀರಾವರಿ ಜಮೀನು. ಗೊತ್ತಿದ್ದ ಕಸುಬನ್ನೇ ಬೇರೆ ಜಾಗದಲ್ಲಿ, ಆನೆ ಕಾಟ ಇಲ್ಲದೆ ಮುಂದುವರಿಸಿದರು. ಎಲ್ಲರೂ ಖುಷಿಯಾಗಿರಲಿಲ್ಲ, ಆದರೆ ಆಮೇಲೆ ಕೇಳಿದಾಗ ಹೆಚ್ಚಿನವರು ತೃಪ್ತಿ ಇದೆ ಅಂದರು. ಕಾಡಿಗೂ ಲಾಭವಾಯಿತು. ಜಿಂಕೆ, ಕಡವೆ, ಕಾಟಿ ತಿನ್ನಬೇಕಾದ ಹುಲ್ಲಿಗೆ ದನಗಳ ಪೈಪೋಟಿ ತಪ್ಪಿತು. ಹುಲಿ ಉಳಿಯೋದು ಈ ಹುಲ್ಲಿನ ಮೇಲೇ, ಯಾಕಂದರೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಐವತ್ತರಷ್ಟು ಪ್ರಾಣಿ ಬೇಕು.

ಈಗ ಇದೇ ಲೆಕ್ಕವನ್ನು ನಾಗರಹೊಳೆಯ ಜೇನುಕುರುಬರ ಹಾಡಿಗೆ ಹಾಕಿ. ಅಲ್ಲಿ ಗದ್ದೆ ಕಡಿಮೆ, ದನ ಕಡಿಮೆ. ಬದುಕು ನಡೆಯುತ್ತಿದ್ದದ್ದು ಜೇನು, ಗೆಡ್ಡೆ ಗೆಣಸು, ಸೀಗೆ, ನೆಲ್ಲಿ ಮತ್ತು ಕೂಲಿಯಿಂದ. ಇವರನ್ನು ಕಳಿಸಿದರೆ ಕಾಡಿಗೆ ಸಿಗುವ ಹುಲ್ಲು ಎಷ್ಟು? ತೀರಾ ಸ್ವಲ್ಪ. ಇವರು ಕಳೆದುಕೊಳ್ಳುವುದು ಎಷ್ಟು? ಹೆಚ್ಚುಕಮ್ಮಿ ಎಲ್ಲ. ಯಾಕೆಂದರೆ ಆ ಕಸುಬು ಇನ್ನೊಂದು ಜಾಗದಲ್ಲಿ ನಡೆಯೋದೇ ಇಲ್ಲ.

ಇಲ್ಲಿ ನಿಮ್ಮ 15 ಲಕ್ಷದ ವಿಷಯ ಬರುತ್ತದೆ. 2008ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಈ ಮೊತ್ತವನ್ನು ಕುಟುಂಬಕ್ಕೆ 10 ಲಕ್ಷ ಅಂತ ನಿಗದಿ ಮಾಡಿತು, 2021ರಲ್ಲಿ 15 ಲಕ್ಷಕ್ಕೆ ಏರಿಸಿತು. ಪೂರ್ತಿ ಹಣ ತಗೊಂಡು ಹೋಗುವುದು ಒಂದು ದಾರಿ. ಜಮೀನು, ಮನೆ ಎಲ್ಲ ಅರಣ್ಯ ಇಲಾಖೆಯೇ ಕೊಡುವುದು ಇನ್ನೊಂದು. 2008ರ ಮಾರ್ಗಸೂಚಿಯಲ್ಲಿ ಎರಡನೇ ದಾರಿಯ ಹಂಚಿಕೆ ಹೀಗಿತ್ತು: ಎರಡು ಹೆಕ್ಟೇರ್ ಜಮೀನಿಗೆ ಶೇ. 35, ಹಕ್ಕುಗಳ ಇತ್ಯರ್ಥಕ್ಕೆ ಶೇ. 30, ಮನೆಗೆ ಶೇ. 20, ಉಳಿದದ್ದು ಪ್ರೋತ್ಸಾಹಧನ ಮತ್ತು ರಸ್ತೆ, ನೀರು, ಕರೆಂಟಿಗೆ. ಅದೇ ಪ್ರಮಾಣವನ್ನು 15 ಲಕ್ಷಕ್ಕೆ ಹಾಕಿದರೂ ಜಮೀನಿಗೆ ಬರುವುದು 5.25 ಲಕ್ಷ. ಎರಡು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಐದು ಎಕರೆ. ಎಕರೆಗೆ ಒಂದು ಲಕ್ಷದ ಚಿಲ್ಲರೆ! ನೀರಿರುವ ಜಮೀನು ಈ ರೇಟಿಗೆ ಎಲ್ಲಿ ಸಿಗುತ್ತೆ ಹೇಳಿ. ಹಾಗಾಗಿ ಎಷ್ಟೋ ಕಡೆ ಕಾಡಂಚಿನ ಅರಣ್ಯ ಜಮೀನನ್ನೇ ಬಿಡಿಸಿ ಕೊಡುತ್ತಾರೆ. ಅದು ಕಂದಾಯ ಜಮೀನಾಗಿ ಬದಲಾಗದೆ ಉಳಿದರೆ ಪಹಣಿ ಹೆಸರಿಗೆ ಬರಲ್ಲ. ಪಹಣಿ ಇಲ್ಲದಿದ್ದರೆ ಬೆಳೆ ಸಾಲ ಇಲ್ಲ. ಬಂಡವಾಳ ಇಲ್ಲದೆ, ಒಕ್ಕಲುತನದ ಅಭ್ಯಾಸವೂ ಇಲ್ಲದೆ, ಜಮೀನನ್ನು ಹೊರಗಿನವರಿಗೆ ಗುತ್ತಿಗೆಗೆ ಕೊಟ್ಟು ತಾವು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಕಾಗದದ ಮೇಲೆ ಆ ಮನುಷ್ಯ ಐದು ಎಕರೆ ರೈತ.

ಪರಿಹಾರ ಸಿಗಬೇಕಾದ ಕುಟುಂಬಗಳ ಪಟ್ಟಿ ಮಾಡುವಾಗ ಇನ್ನೊಂದು ತಕರಾರು ಬರುತ್ತದೆ. 18 ತುಂಬಿದ ಮಗ ಮದುವೆ ಆಗದಿದ್ದರೂ ಬೇರೆ ಕುಟುಂಬ ಅಂತ ಲೆಕ್ಕ. ಪಟ್ಟಿಯ ದಿನಾಂಕದಂದು 17 ಆಗಿದ್ದವನು ಅಲ್ಲ. ಪಟ್ಟಿ ಆದ ಮೇಲೆ ಸ್ಥಳಾಂತರ ಐದಾರು ವರ್ಷ ತಡವಾದರೆ, ಅಷ್ಟರಲ್ಲಿ ಅವನಿಗೆ ಎರಡು ಮಕ್ಕಳಾಗಿರುತ್ತವೆ. ಅಪ್ಪನ ಹೆಸರಿನ ಒಂದು ಮನೆಯಲ್ಲಿ ಎಲ್ಲರೂ ಇರಬೇಕು.

ಆದರೆ ದುಡ್ಡಿಗಿಂತ ನಾನು ಮೊದಲು ನೋಡೋದು ದಿನಾಂಕಗಳನ್ನು. ಕಾಡಿನಲ್ಲಿ ಬದುಕುತ್ತಾ ಬಂದವರ ಹಕ್ಕನ್ನು ಒಪ್ಪುವ 2006ರ ಅರಣ್ಯ ಹಕ್ಕು ಕಾಯ್ದೆ, ಅದೇ ವರ್ಷ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ, ಎರಡೂ ಒಂದು ಸರದಿ ಹೇಳುತ್ತವೆ. ಮೊದಲು ಹಕ್ಕು ಗುರುತಿಸಿ ಮುಗಿಸಬೇಕು. ಆಮೇಲೆ, ಜನ ಅಲ್ಲೇ ಇದ್ದರೆ ಪ್ರಾಣಿಗಳಿಗೆ ಸರಿಪಡಿಸಲಾಗದ ಹಾನಿ ಆಗುತ್ತೆ, ಜೊತೆಗೆ ಬಾಳುವ ಬೇರೆ ದಾರಿ ಇಲ್ಲ ಅಂತ ತೋರಿಸಬೇಕು. ಆಮೇಲೆ ಗ್ರಾಮಸಭೆ ಎಲ್ಲ ತಿಳಿದು ಒಪ್ಪಬೇಕು. ಹೊಸ ಜಾಗದಲ್ಲಿ ಜಮೀನು, ಸೌಲಭ್ಯ ಸಿದ್ಧವಾಗಬೇಕು. ಕೊನೆಗೆ ಹೊರಡುವುದು. ನಡೆಯುವುದು ಉಲ್ಟಾ. ಹಕ್ಕಿನ ಅರ್ಜಿ ಬಾಕಿ ಇರುವಾಗಲೇ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬೀಳುತ್ತದೆ. ಹಕ್ಕುಪತ್ರ ಇಲ್ಲದವನ ಮುಂದೆ ಇರುವುದು ಹಣ ತಗೊಂಡು ಹೋಗು, ಇಲ್ಲವೇ ಒತ್ತುವರಿದಾರ ಅನ್ನಿಸಿಕೊಂಡು ಇರು ಅನ್ನುವ ಎರಡೇ ದಾರಿ. ಇದನ್ನು ಸ್ವಇಚ್ಛೆ ಅಂತ ಹೇಗೆ ಕರೆಯೋದು? ಹಕ್ಕುಪತ್ರ ಕೈಯಲ್ಲಿ ಇದ್ದವನು ಚೌಕಾಶಿ ಮಾಡಬಲ್ಲ, ಬೇಡ ಅಂತ ಸುಮ್ಮನೆ ಕೂರಲೂಬಲ್ಲ. 2024ರ ಜೂನ್‌ನಲ್ಲಿ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗದಲ್ಲಿ ಉಳಿದ 591 ಹಳ್ಳಿಗಳ ಸ್ಥಳಾಂತರ ಚುರುಕು ಮಾಡಿ ಅಂದಾಗ ಅಷ್ಟು ಗಲಾಟೆ ಎದ್ದದ್ದು ಇದೇ ಕಾರಣಕ್ಕೆ.

ಜನ ಹೋದರೆ ಕಾಡು ತಾನಾಗೇ ಚೆನ್ನಾಗುತ್ತೆ ಅನ್ನುವುದೂ ಎಲ್ಲ ಕಡೆ ನಿಜ ಅಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವರ್ಷದ ಶುರುವಿನಲ್ಲೇ, ಹುಲ್ಲು ಪೂರ್ತಿ ಒಣಗುವ ಮುಂಚೆ, ಸಣ್ಣದಾಗಿ ತರಗು ಬೆಂಕಿ ಹಾಕುತ್ತಿದ್ದರು. ಅಭಯಾರಣ್ಯವಾದ ಮೇಲೆ ಅದು ನಿಂತಿತು. 1997ರಿಂದ 2008ರ ಒಳಗೆ ಅಲ್ಲಿ ಲಂಟಾನ ಅನ್ನುವ ಕಳೆ ಗಿಡ ಹರಡಿದ್ದ ಜಾಗ ಹತ್ತಿರ ಹತ್ತಿರ ಎರಡರಷ್ಟಾಯಿತು ಅಂತ ಸಂಶೋಧಕರು ಅಳೆದು ಹೇಳಿದ್ದಾರೆ. ಬೆಂಕಿ ನಿಂತದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಲಂಟಾನದ ಪೊದೆಯ ಕೆಳಗೆ ಹುಲ್ಲು ಬೆಳೆಯಲ್ಲ, ಜಿಂಕೆಗೆ ಮೇವು ಇರಲ್ಲ. ಅಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಊರುಗಳಿಗೆ, 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಹುಲಿ ಸಂರಕ್ಷಿತ ಪ್ರದೇಶವಾಗಿಯೂ ಮುಂದುವರಿದಿದೆ. ಎರಡೂ ಒಂದೇ ಬೆಟ್ಟದಲ್ಲಿ ಇರಬಹುದು ಅನ್ನೋದಕ್ಕೆ ಇಷ್ಟು ಸಾಕು ನನಗೆ. (ಜೇನು ಕೀಳುವವನು ಹೊರಗೆ, ಸಫಾರಿ ಜೀಪು ಒಳಗೆ ಅನ್ನುವ ವಾದ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.)

ಒಳಗೇ ಇರುವುದು ಸುಖ ಅಂತಲೂ ಅಲ್ಲ. ಶಾಲೆ ದೂರ, ಹೆರಿಗೆ ನೋವು ರಾತ್ರಿ ಬಂದರೆ ಗೇಟು ದಾಟಬೇಕು. ಹೊರಗೆ ಹೋಗಬೇಕು ಅನ್ನುವ ಹುಡುಗರು ಹಾಡಿಗಳಲ್ಲಿ ಖಂಡಿತ ಇದ್ದಾರೆ. ಅವರು ಹೋಗಲಿ, ಭದ್ರಾದವರಿಗೆ ಸಿಕ್ಕಂಥ ಜಮೀನಿನ ಜೊತೆ. ಹಾಗಾಗಿ ಯಾವುದೇ ಸ್ಥಳಾಂತರದ ಸುದ್ದಿ ಓದಿದಾಗ ಮೂರು ಕಾಗದದ ದಿನಾಂಕ ಕೇಳಿ: ಹಕ್ಕುಪತ್ರದ್ದು, ಗ್ರಾಮಸಭೆ ನಿರ್ಣಯದ್ದು, ಹೊಸ ಜಮೀನಿನ ಪಹಣಿಯದ್ದು. ಮೂರೂ ಮನೆ ಕೆಡವಿದ ದಿನಕ್ಕಿಂತ ಹಿಂದಿನವಾದರೆ ನನಗೂ ತಕರಾರಿಲ್ಲ.