ದೀರ್ಘಾವಧಿ ಲಾಭದ ಮೇಲಿನ 1.25 ಲಕ್ಷದ ತೆರಿಗೆ ವಿನಾಯಿತಿ ಬಳಸಿಕೊಳ್ಳೋಕೆ ಪ್ರತಿ ವರ್ಷ ಮ್ಯೂಚುವಲ್ ಫಂಡ್ ಮಾರಿ ಮತ್ತೆ ಕೊಳ್ಳಬೇಕು ಅಂತಾರೆ. ಮಾರ್ಚ್‌ನಲ್ಲಿ ಯಾವ ದಿನ ಮಾರಿದರೆ ಒಳ್ಳೆಯದು?

ಮಾರ್ಚ್‌ನಲ್ಲಿ ಯಾವ ದಿನವೂ ಬೇಡ. ಇದೇ ಲೆಕ್ಕ ಹಾಕಿಕೊಂಡು ಹೋಗಿ ದುಡ್ಡು ಕಳೆದುಕೊಂಡವನು ನಾನು.

2024ರ ಮಾರ್ಚ್ 27ರಂದು ಒಂದು ಈಕ್ವಿಟಿ ಫಂಡಿನ ನನ್ನ ಯೂನಿಟ್‌ಗಳನ್ನೆಲ್ಲ ಮಾರಿದೆ. ಎಲ್ಲ ಹಳೆಯ ಯೂನಿಟ್‌ಗಳೇ, ಲಾಭ 95,000. ಆಗ ದೀರ್ಘಾವಧಿ ಲಾಭಕ್ಕೆ ವಿನಾಯಿತಿ 1 ಲಕ್ಷದವರೆಗೆ, ಅದನ್ನು ಮೀರಿದ್ದಕ್ಕೆ 10% ತೆರಿಗೆ. ನನಗೆ ಒಂದು ರೂಪಾಯಿಯೂ ಬೀಳಲಿಲ್ಲ. ಮಾರಿದ ಹಣ ಖಾತೆಗೆ ಬರೋಕೆ ಒಂದೆರಡು ದಿನ ಬೇಕು, ಅಷ್ಟರಲ್ಲಿ ಮಾರ್ಕೆಟ್ ಏರಿಬಿಟ್ಟರೆ ಅಂತ ಉಳಿತಾಯ ಖಾತೆಯಲ್ಲಿದ್ದ 6 ಲಕ್ಷ ಹಾಕಿ 28ಕ್ಕೇ ಅದೇ ಫಂಡ್ ವಾಪಸ್ ಕೊಂಡೆ. ಮರುದಿನ ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ಆ ಆರ್ಥಿಕ ವರ್ಷದ ಕೊನೆಯ ವಹಿವಾಟಿನ ದಿನವೇ 28.

ಮುಂದಿನ ಮಾರ್ಚ್‌ನಲ್ಲಿ ಎಡವಿದೆ. ಹಣಕಾಸು ವರ್ಷ ಒಂದು ಸುತ್ತು ಬಂತಲ್ಲ, ಯೂನಿಟ್‌ಗಳಿಗೂ ವರ್ಷ ತುಂಬಿತು ಅಂದುಕೊಂಡು 2025ರ ಮಾರ್ಚ್ 27ಕ್ಕೆ ಮಾರಿದೆ. ಆದರೆ ತೆರಿಗೆ ನೋಡುವುದು ಹಣಕಾಸು ವರ್ಷವನ್ನಲ್ಲ, ಆ ಯೂನಿಟ್ ಕೊಂಡ ತಾರೀಖನ್ನು. ಕೊಂಡ ದಿನದಿಂದ 12 ತಿಂಗಳು ಮೀರಿದರೆ ಮಾತ್ರ ದೀರ್ಘಾವಧಿ. ಮಾರಿ ವಾಪಸ್ ಕೊಂಡರೆ ಅದು ಹೊಸ ಖರೀದಿ. ಹಳೆಯ ಯೂನಿಟ್ ಎಷ್ಟು ವರ್ಷ ಇಟ್ಟುಕೊಂಡಿದ್ದೆ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ನನ್ನ ಯೂನಿಟ್‌ಗಳಿಗೆ ಆಗಿದ್ದು 364 ದಿನ.

ಎಕ್ಸಿಟ್ ಲೋಡಿನ ಗಡಿಯಾರವೂ ಹೊಸದಾಗಿ ಶುರುವಾಗಿತ್ತು. ಆ ಫಂಡಿನಲ್ಲಿ 365 ದಿನದೊಳಗೆ ಮಾರಿದರೆ 1% ಲೋಡ್. 6 ಲಕ್ಷ 6.6 ಲಕ್ಷ ಆಗಿತ್ತು, ಅದರಲ್ಲಿ 6,600 ಲೋಡಿಗೆ ಹೋಯಿತು. ಉಳಿದ 53,400 ಲಾಭಕ್ಕೆ ಅಲ್ಪಾವಧಿ ತೆರಿಗೆ. ಅದು 2024ರ ಜುಲೈ 23ರಿಂದ 20% ಆಗಿದೆ. ಸೆಸ್ ಸೇರಿ 11,107. ಎರಡೂ ಸೇರಿ ಹೆಚ್ಚುಕಡಿಮೆ 17,700. ವಿನಾಯಿತಿ ಈಗ 1.25 ಲಕ್ಷ, ದರ 12.5%, ಅಂದರೆ ವರ್ಷಕ್ಕೆ ಪೂರ್ತಿ ಬಳಸಿಕೊಂಡರೂ ಉಳಿಯೋದು ಸೆಸ್ ಸೇರಿ 16,250. ಒಂದು ವರ್ಷದ ಗರಿಷ್ಠ ಉಳಿತಾಯಕ್ಕಿಂತ ಜಾಸ್ತಿ ಕಳೆದುಕೊಂಡೆ. ಆ ವರ್ಷದ ವಿನಾಯಿತಿಯೂ ದಂಡವಾಯಿತು, ಅದು ಮುಂದಿನ ವರ್ಷಕ್ಕೆ ಸೇರೋದಿಲ್ಲ.

ಎರಡು ದಿನ ಕಾಯಬಹುದಿತ್ತಲ್ಲ ಅನ್ನಬಹುದು. ಕ್ಯಾಲೆಂಡರ್ ನೋಡಿ: 28 ಶುಕ್ರವಾರ, ಅವತ್ತು ಮಾರಿದರೂ 12 ತಿಂಗಳು ‘ಮೀರಿತೇ’ ಅನ್ನೋ ತಕರಾರು ಉಳಿಯುತ್ತದೆ. 29, 30 ವಾರಾಂತ್ಯ. 31 ರಂಜಾನ್ ರಜೆ. ಹಿಂದಿನ ವರ್ಷ 28ಕ್ಕೆ ಕೊಂಡಾಗಲೇ ಆ ವರ್ಷದ ಬಾಗಿಲು ಮುಚ್ಚಿಯಾಗಿತ್ತು. ಸುಮ್ಮನಿದ್ದು ಏಪ್ರಿಲ್ 1ಕ್ಕೆ ಮಾರಿದ್ದರೆ ಲೋಡೂ ಇಲ್ಲ, ಅಷ್ಟೂ ಲಾಭ ಹೊಸ ವರ್ಷದ ವಿನಾಯಿತಿಯೊಳಗೇ ಬರುತ್ತಿತ್ತು.

ಪ್ರತಿ ಸಲ ಮಾರಿ ಕೊಳ್ಳುವಾಗ ತಾರೀಖು ಒಂದೆರಡು ದಿನವಾದರೂ ಮುಂದಕ್ಕೆ ಜಾರುತ್ತದೆ. ಮಾರ್ಚ್ ಕೊನೆಯಲ್ಲಿ ಶುರು ಮಾಡಿದರೆ ಜಾರೋಕೆ ಜಾಗವೇ ಇಲ್ಲ. ಜೂನ್‌ನಲ್ಲಿ ಶುರು ಮಾಡಿ. ಈ ವರ್ಷ ಜೂನ್ 10ಕ್ಕೆ ಕೊಂಡರೆ ಮುಂದಿನ ವರ್ಷ 12ಕ್ಕೋ 15ಕ್ಕೋ ಮಾರಿ, ಎಷ್ಟೋ ವರ್ಷ ಹಾಗೇ ನಡೆಯುತ್ತದೆ. ಹಣಕಾಸು ವರ್ಷ ಮುಗಿಯೋಕೆ ಮುಂಚೆ ಅಂತ ಎಲ್ಲರೂ ಹೇಳೋದರಿಂದ ಮಾರ್ಚ್ ತಲೆಯಲ್ಲಿ ಕೂತಿದೆ, ಆದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಯಾವ ದಿನ ಮಾರಿದರೂ ವಿನಾಯಿತಿ ಅಷ್ಟೇ.

ನಿಮ್ಮದು ಎಸ್‌ಐಪಿ ಆಗಿದ್ದರೆ ಪ್ರತಿ ಕಂತಿಗೂ ಬೇರೆ 12 ತಿಂಗಳು, ಮಾರುವಾಗ ಮೊದಲು ಕೊಂಡಿದ್ದೇ ಮೊದಲು ಹೋಗುತ್ತದೆ. ಹಾಗಾಗಿ ರಿಡೀಮ್ ಮಾಡುವಾಗ ರೂಪಾಯಿ ಹಾಕಬೇಡಿ, ಯೂನಿಟ್ ಸಂಖ್ಯೆ ಹಾಕಿ. ಸ್ಟೇಟ್‌ಮೆಂಟ್ ತೆರೆದು, 12 ತಿಂಗಳು ದಾಟಿದ ಕಂತುಗಳ ಯೂನಿಟ್‌ಗಳನ್ನು ಹಳೆಯದರಿಂದ ಕೂಡಿಸುತ್ತಾ ಬನ್ನಿ, ಲಾಭ 1.25 ಲಕ್ಷ ಮುಟ್ಟುವ ಮುಂಚೆ ನಿಲ್ಲಿಸಿ. ಅದೇ ವರ್ಷ ಬೇರೆ ಫಂಡು, ಷೇರು ಮಾರಿದ್ದರ ದೀರ್ಘಾವಧಿ ಲಾಭವೂ ಅದೇ 1.25 ಲಕ್ಷದೊಳಗೇ ಬರಬೇಕು.

ಇನ್ನೊಂದು ವರ್ಷದೊಳಗೆ ಮನೆಗೋ ಮದುವೆಗೋ ತೆಗೆಯಬೇಕಾದ ಹಣವಾದರೆ ವಾಪಸ್ ಕೊಳ್ಳಲೇಬೇಡಿ. ಮಾರಿದ ಮೇಲೆ ಅದು ಬ್ಯಾಂಕಿನಲ್ಲೇ ಇರಲಿ. ಇಎಲ್‌ಎಸ್‌ಎಸ್ ಅನ್ನಂತೂ ಈ ಆಟಕ್ಕೆ ಎಳೆಯಬೇಡಿ, ವಾಪಸ್ ಕೊಂಡ ಯೂನಿಟ್ ಮತ್ತೆ 3 ವರ್ಷ ಲಾಕ್.

ನೇರ ಷೇರು ಇದ್ದವರಿಗೆ ಇನ್ನೊಂದು ವಿಷಯ: ಒಂದೇ ಡಿಮ್ಯಾಟಿನಲ್ಲಿ ಬೆಳಗ್ಗೆ ಮಾರಿ ಅದೇ ದಿನ ಅದೇ ಷೇರು ಕೊಂಡರೆ ಅದು ಇಂಟ್ರಾಡೇ. ಷೇರು ಡಿಮ್ಯಾಟಿನಿಂದ ಹೊರಗೇ ಹೋಗಿರೋದಿಲ್ಲ, ಹಳೆಯ ಖರೀದಿ ಬೆಲೆಯೇ ಉಳಿಯುತ್ತದೆ. ಇವತ್ತು ಮಾರಿ, ನಾಳೆ ಕೊಳ್ಳಿ.