ಆಪ್ತಸಲಹೆ ಪ್ರಕರಣ: ‘ಹಾಕಿದರು’ ಅನ್ನಿಸದ ಹೆಸರು

(ಗುರುತು ಸಿಗದಂತೆ ವ್ಯಕ್ತಿಗಳ ಹೆಸರು, ವಯಸ್ಸು, ಬಡಾವಣೆ ಬದಲಿಸಿದ್ದೇನೆ. ಕೇಂದ್ರದ ಹಳೆಯ ಮತ್ತು ಹೊಸ ಹೆಸರುಗಳ ಬದಲು ಅದೇ ಭಾವ ಬರುವ ಬೇರೆ ಹೆಸರು ಬಳಸಿದ್ದೇನೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಶೋಭಾ ಅವರಿಗೆ 52 ವರ್ಷ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದವರು. ಆ ಕೆಲಸ ಬಿಟ್ಟು, ಹುಬ್ಬಳ್ಳಿ-ಧಾರವಾಡದ ನಡುವಿನ ಬಡಾವಣೆಯೊಂದರಲ್ಲಿ ಮನೆ ಬಾಡಿಗೆ ಹಿಡಿದು ಹಿರಿಯರಿಗಾಗಿ ಹಗಲು ಕೇಂದ್ರ ತೆರೆದರು. ಬೆಳಿಗ್ಗೆ 9ಕ್ಕೆ ವ್ಯಾನ್ ಮನೆಗೆ ಹೋಗಿ ಕರೆತರುತ್ತದೆ, ಸಂಜೆ 5ಕ್ಕೆ ಮರಳಿ ಬಿಡುತ್ತದೆ. ನಡುವೆ ನಾಷ್ಟಾ, ಊಟ, ಹೊತ್ತಿಗೆ ಸರಿಯಾಗಿ ಗುಳಿಗೆ, ಸ್ವಲ್ಪ ವ್ಯಾಯಾಮ, ಪೇಪರ್ ಓದು, ಹರಟೆ. ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲ ಎಲ್ಲವನ್ನೂ ತಾವೇ ನಿಂತು ಮಾಡಿಸಿದ್ದರು. 20 ಜನ ಕೂಡುವ ಜಾಗದಲ್ಲಿ ಬರುತ್ತಿದ್ದವರು ಆರು ಜನ.

ಅವರು ನನ್ನ ಹತ್ತಿರ ಬಂದಾಗ ರಾತ್ರಿ ನಿದ್ದೆ ಕೆಟ್ಟಿತ್ತು. ‘ಜನಾ ಬರ್ತಾರ್ರೀ ಅಕ್ಕಾರ, ನೋಡ್ತಾರ, ಛಲೋ ಐತಿ ಅಂತಾರ. ನಾಳೆ ಫೋನ್ ಮಾಡ್ತೀವಿ ಅಂತ ಹೋದವ್ರು ಹೊಳ್ಳಿ ಬರಂಗಿಲ್ಲ. ನನ್ನ ಸೇವಾದಾಗ ಏನ್ ಕಡಿಮಿ ಆಗೇತಿ?’ ಎಂದರು. ಶುಲ್ಕ ಹೆಚ್ಚಾಯಿತೇ ಎಂದು ಒಮ್ಮೆ ಇಳಿಸಿಯೂ ನೋಡಿದ್ದರು. ವ್ಯತ್ಯಾಸ ಆಗಿರಲಿಲ್ಲ.

ಸೇವೆಯಲ್ಲಿ ಕೊರತೆ ಇದ್ದರೆ ಬಂದು ಸೇರಿದವರು ಬಿಟ್ಟು ಹೋಗಬೇಕಿತ್ತು. ಇಲ್ಲಿ ಸೇರಿದ ಆರು ಜನರಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಏನೋ ತಡೆಯುತ್ತಿತ್ತು. ನೋಡಿ ಹೋದ ಕುಟುಂಬಗಳ ಪೈಕಿ ಒಪ್ಪಿದವರ ಜೊತೆ ನಾನು ಮಾತಾಡುತ್ತೇನೆ ಎಂದೆ.

ಅವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಗ, ಅವರ ಹೆಂಡತಿ, ಮತ್ತು 78ರ ತಂದೆಯ ಕಥೆಯನ್ನು ಬಿಡಿಸಿ ಹೇಳಬೇಕು. ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಣ್ಣ ಪ್ರಮಾಣದ ಪಾರ್ಶ್ವವಾಯು ಆಗಿ ಎಡಗಾಲು ಎಳೆಯುತ್ತದೆ. ಹಗಲು ಮನೆಯಲ್ಲಿ ಒಬ್ಬರೇ. ಎರಡು ಸಲ ಬಿದ್ದಿದ್ದರು. ಎರಡನೆಯ ಸಲ ಸೊಸೆ ಶಾಲೆ ಮುಗಿಸಿ ಬರುವ ತನಕ ನೆಲದ ಮೇಲೇ ಇದ್ದರು. ಕೇಂದ್ರ ಬೇಕು ಎನ್ನುವುದರಲ್ಲಿ ಮೂವರಿಗೂ ಅನುಮಾನವಿರಲಿಲ್ಲ. ಆದರೆ ಅರ್ಜಿ ಮನೆಯ ಟಿವಿ ಮೇಲೆ ಹಾಗೇ ಕೂತಿತ್ತು.

ಕೇಂದ್ರದ ಬಾಗಿಲ ಬೋರ್ಡು ಹೀಗಿತ್ತು: ‘ಮಾತೃಋಣ ವೃದ್ಧರ ಆಶ್ರಯಧಾಮ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಗಲು ಆರೈಕೆ’. ವ್ಯಾನಿನ ಎರಡೂ ಬದಿಗೆ ಮೇಲಿನ ಸಾಲು ಮಾತ್ರ ಬರೆದಿತ್ತು.

ತಂದೆ ನನಗೆ ಹೇಳಿದ್ದು: ‘ನನಗ ಪಿನ್ಶನ್ ಬರತೈತಿ. ಫೀ ನಾನ ಕೊಡಾಂವ. ಹಂಗಿದ್ರ ಆಶ್ರಯ ಯಾರು ಯಾರಿಗೆ ಕೊಡಾಕತ್ತಾರ?’ ಮಗ ಹೇಳಿದ್ದು: ‘ಆ ಬೋರ್ಡಿನ ಕೆಳಗ ನಿಂತು ಅಪ್ಪನ ಕೈ ಬಿಡೂದು ಅಂದ್ರ, ಋಣ ತೀರಿಸಲಿಕ್ಕೆ ಆಗದಾಂವ ಅಂತ ನಾನ ಬರದು ಕೊಟ್ಟಂಗ ಆಗ್ತೈತಿ.’ ಸೊಸೆ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: ‘ಆ ವ್ಯಾನ್ ನಮ್ಮ ಓಣ್ಯಾಗ ಬಂದ್ರ ಮಾತು ಬರೂದು ನನಗ್ರೀ. ಮಾವನ್ನ ಆಶ್ರಮಕ್ಕ ಹಾಕಿದ್ಲು ಅಂತಾರ. ಮಗಾ ಹಾಕಿದಾ ಅಂತ ಯಾರೂ ಅನ್ನಂಗಿಲ್ಲ.’

ಸೊಸೆಯ ಮಾತಿನಲ್ಲಿದ್ದ ‘ಹಾಕಿದ್ಲು’ ಎಂಬ ಕ್ರಿಯಾಪದವೇ ನನಗೆ ದಾರಿ ತೋರಿಸಿತು. ಆಶ್ರಮ, ಆಶ್ರಯ, ಧಾಮ ಎಂಬ ಪದಗಳ ಜೊತೆಗೆ ನಮ್ಮ ಬಾಯಲ್ಲಿ ಬರುವುದು ಹಾಕುವುದು, ಬಿಡುವುದು, ಇಡುವುದು. ಮೂರರಲ್ಲೂ ಹಿರಿಯರು ಯಾರೋ ಎತ್ತಿ ಇಟ್ಟ ವಸ್ತು, ಮಾಡಿದವರು ಮಕ್ಕಳು. ಸಂಘ, ವಾಚನಾಲಯ, ಮಠ ಅಂದಾಗ ಹಿರಿಯರು ತಾವಾಗಿ ‘ಹೋಗುತ್ತಾರೆ’. ಅದೇ ಮುದುಕ, ಅದೇ ದಾರಿ, ಅದೇ ಹೊತ್ತು. ಹೆಸರು ಬದಲಾದರೆ ಹೋಗುವವರು ಯಾರು, ಕಳಿಸುವವರು ಯಾರು ಎಂಬುದೇ ಬದಲಾಗುತ್ತದೆ. ಕುಟುಂಬಕ್ಕೆ ಆಗುವ ಅಪರಾಧಭಾವದ ದೊಡ್ಡ ಪಾಲು ಈ ಒಂದು ಪದದಲ್ಲಿ ಕೂತಿರುತ್ತದೆ. ಹಾಗಾಗಿ ಒಂದು ಹೆಸರನ್ನು ತೂಗುವಾಗ ಅದು ಎಷ್ಟು ಚೆಂದ ಎಂದು ನಾನು ನೋಡುವುದಿಲ್ಲ. ಅದರ ಹಿಂದೆ ಯಾವ ಕ್ರಿಯಾಪದ ತಾನಾಗಿ ಬರುತ್ತದೆ ಎಂದು ಕೇಳಿಸಿಕೊಳ್ಳುತ್ತೇನೆ.

ಆಗಲೇ ಬರುತ್ತಿದ್ದ ಆರು ಮನೆಗಳಲ್ಲೂ ಕುರುಹುಗಳಿದ್ದವು. ಒಬ್ಬರು ಕೇಂದ್ರದ ಹೆಸರನ್ನೇ ಹೇಳದೆ ‘ಅಲ್ಲಿ’ ಎನ್ನುತ್ತಿದ್ದರು. ಇನ್ನೊಬ್ಬರು ನೆರೆಯವರಿಗೆ ‘ಫಿಜಿಯೋಥೆರಪಿಗೆ’ ಎಂದು ಹೇಳಿದ್ದರು. ಒಂದು ಮನೆಯವರು ವ್ಯಾನನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಲು ಕೇಳಿಕೊಂಡಿದ್ದರು. ಶೋಭಾ ಅವರು ಇದನ್ನು ಟ್ರಾಫಿಕ್ ತೊಂದರೆ ಎಂದುಕೊಂಡಿದ್ದರು. ಜನ ಒಂದು ಜಾಗದ ಹೆಸರನ್ನು ತಪ್ಪಿಸಿ ಮಾತಾಡುತ್ತಿದ್ದರೆ, ಆ ಹೆಸರು ಅವರಿಗೆ ಚುಚ್ಚುತ್ತಿದೆ ಎಂದೇ ಅರ್ಥ.

ಇದನ್ನು ಶೋಭಾ ಅವರ ಮುಂದೆ ಇಡುವುದು ಸುಲಭವಿರಲಿಲ್ಲ. ಆ ಹೆಸರಿನ ಹಿಂದೆ ಅವರ ತಾಯಿ ಇದ್ದರು. ಗದಗಿನ ಮನೆಯಲ್ಲಿ ಒಬ್ಬರೇ ಇದ್ದ ತಾಯಿ, ಮಗಳು ಹುಬ್ಬಳ್ಳಿಯಲ್ಲಿ ಡ್ಯೂಟಿಯಲ್ಲಿದ್ದ ಮಧ್ಯಾಹ್ನ ತೀರಿಕೊಂಡಿದ್ದರು. ‘ಋಣ’ ಎಂಬುದು ಅವರು ತಮಗೆ ತಾವೇ ಬರೆದುಕೊಂಡ ಪದ. ಆ ದುಃಖದ ಬಗ್ಗೆಯೇ ನಾವು ಬಹಳ ಹೊತ್ತು ಮಾತಾಡಿದೆವು. ಹೆಸರಿನ ವಿಷಯ ಎತ್ತಿದ್ದು ಅದಾದ ಮೇಲೆ. ‘ಈ ಪದ ನಿಮ್ಮದು, ಶೋಭಾ ಅವರೇ. ಆದರೆ ಬೋರ್ಡಿನ ಮೇಲೆ ಬರೆದ ಮೇಲೆ ಒಳಗೆ ಬರುವ ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಸೊಸೆ ಅದನ್ನು ತಮ್ಮ ಮೇಲಿನ ಮಾತು ಅಂತ ಓದುತ್ತಾರೆ’ ಎಂದೆ. ಅತ್ತರು. ಹಿರಿಯರ ಕೇಂದ್ರಗಳನ್ನು ತೆರೆಯುವವರು ಹೆಚ್ಚಾಗಿ ಇಂಥ ಒಂದು ನೋವಿನಿಂದಲೇ ತೆರೆಯುತ್ತಾರೆ ಎಂದು ನನಗೆ ಅನ್ನಿಸಿದೆ. ಆ ನೋವಿಗೆ ಒಂದು ಜಾಗ ಬೇಕು. ತಾಯಿಯ ಹೆಸರನ್ನು ಒಳಗಿನ ಓದುವ ಕೋಣೆಗೆ ಇಡುವುದೆಂದು ಅವರೇ ಸೂಚಿಸಿದರು.

ಹೊಸ ಹೆಸರನ್ನು ನಾವಿಬ್ಬರು ಕೂತು ಆರಿಸಬಾರದು, ಬರುತ್ತಿರುವ ಹಿರಿಯರೇ ಆರಿಸಲಿ ಎಂಬುದು ನನ್ನ ಮೊದಲ ಸಲಹೆ. ಎರಡನೆಯದು, ಪ್ರತಿ ಹೆಸರನ್ನೂ ಮೂವರ ಬಾಯಲ್ಲಿ ಹೇಳಿಸಿ ನೋಡಬೇಕು: ಬೆಳಿಗ್ಗೆ ಮಗ ತಂದೆಗೆ ಹೇಳುವಂತೆ, ಹಿರಿಯರು ಅಂಗಡಿಯ ಮುಂದೆ ಸಿಕ್ಕ ಗೆಳೆಯರಿಗೆ ಹೇಳುವಂತೆ, ಸೊಸೆ ಪುಣೆಯ ನಾದಿನಿಗೆ ಫೋನಿನಲ್ಲಿ ಹೇಳುವಂತೆ. ಎಲ್ಲಿ ದನಿ ಇಳಿಯುತ್ತದೆ, ಎಲ್ಲಿ ಹೆಸರಿನ ಹಿಂದೆ ‘ಅಂದ್ರ ಹಂಗಲ್ಲ, ಬರೇ ಹಗಲಿಗೆ’ ಎಂಬ ಸಮಜಾಯಿಷಿ ಬರುತ್ತದೆ, ಆ ಹೆಸರು ಬೇಡ.

ಹಿರಿಯರ ತೀರ್ಪುಗಳು ಕಟುವಾಗಿದ್ದವು. ‘ಕರುಣಾ’ ಎಂದಾಗ ನಿವೃತ್ತ ಶಿಕ್ಷಕರೊಬ್ಬರು ‘ಭಿಕ್ಷೆ ಬೇಡಾಕ ಬಂದೀವೇನು’ ಎಂದರು. ‘ಮುಸ್ಸಂಜೆ’ ಕೇಳಲು ಇಂಪು. ‘ಮುಂದ ಕತ್ತಲಿ ಅಂತ ನೀವ ನೆನಪ ಮಾಡಿಕೊಡ್ತೀರೇನು?’ ಎಂದರು ಒಬ್ಬ ಅಜ್ಜಿ. ‘ಎರಡನೇ ಮನೆ’ ನನಗೆ ಒಪ್ಪಿಗೆಯಾಗಬಹುದು ಅನ್ನಿಸಿತ್ತು. ಆದರೆ ಫೋನಿನ ಪರೀಕ್ಷೆಯಲ್ಲಿ ಅದು ಬಿತ್ತು: ‘ಮೊದಲನೇ ಮನ್ಯಾಗ ಏನಾಗೇತಿ?’ ಎಂಬ ಪ್ರಶ್ನೆ ಮರುಕ್ಷಣವೇ ಬರುತ್ತದೆ. ‘ಚಾವಡಿ’ ಗಂಡಸರಿಗೆ ಬಹಳ ಹಿಡಿಸಿತು. ಹೆಂಗಸರು ಒಪ್ಪಲಿಲ್ಲ, ಚಾವಡಿಯಲ್ಲಿ ತಾವು ಯಾವತ್ತು ಕೂತಿದ್ದೆವು ಎಂದು ಕೇಳಿದರು. ‘ಕಟ್ಟಿ’ ಎಂದರೆ ಕೆಲಸವಿಲ್ಲದವರು ಕೂಡುವ ಜಾಗ ಎಂದು ಅದೂ ಹೋಯಿತು.

ಕೊನೆಗೆ ನಿಂತದ್ದು ‘ಪಡಸಾಲಿ’. ನಮ್ಮ ಕಡೆಯ ಹಳೆ ಮನೆಗಳಲ್ಲಿ ಗಂಡಸರು, ಹೆಂಗಸರು ಎಲ್ಲರೂ ಕೂಡುವ, ಬಂದವರನ್ನು ಕೂಡ್ರಿಸುವ ಜಾಗ ಅದು. ಹಿರಿಯರು ಅಲ್ಲಿ ಕೂತೇ ಮನೆಯ ವ್ಯವಹಾರ ನೋಡುತ್ತಿದ್ದರು. ಶಿಕ್ಷಕರು ‘ಪಡಸಾಲೆ’ ಎಂದೇ ಬರೆಯಬೇಕೆಂದು ಹಟ ಹಿಡಿದರು. ಜನ ಕರೆಯುವಂತೆಯೇ ಇರಲಿ ಎಂದು ಉಳಿದವರು ಗೆದ್ದರು. ರೈಲ್ವೆಯ ಹಿರಿಯರನ್ನು ಅತಿಥಿಯಾಗಿ ಕರೆಸಿ ಅವರ ಬಾಯಲ್ಲೂ ಹೇಳಿಸಿದೆವು. ‘ಪಡಸಾಲಿಗೆ ಹೊಂಟೀನಿ.’ ಸಮಜಾಯಿಷಿ ಬರಲಿಲ್ಲ.

ಆದರೆ ಇಂಥ ಹೆಸರೊಂದೇ ಇದ್ದರೆ ಇದೊಂದು ಹೋಟೆಲೋ ಕಲ್ಯಾಣ ಮಂಟಪವೋ ಎಂದು ಜನ ತಿಳಿಯುತ್ತಾರೆ. ಏನು ಎಂಬುದನ್ನು ಮರೆಸುವ ಹೆಸರು ಕುಟುಂಬಕ್ಕೆ ಮೋಸ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ‘ಆಫೀಸಿಗೆ ಹೋಗೋಣ’ ಎಂದು ಸುಳ್ಳು ಹೇಳಲು ಅನುಕೂಲವಾಗುವ ಹೆಸರುಗಳನ್ನೂ ನಾನು ಬೇಡ ಎನ್ನುತ್ತೇನೆ; ಆ ಸುಳ್ಳನ್ನು ದಿನವೂ ಹೇಳಬೇಕಾದ ಮಗಳಿಗೆ ಹೊಸದೊಂದು ಅಪರಾಧಭಾವ ಸೇರುತ್ತದೆ. ಅದಕ್ಕೆ ಹೆಸರಿನ ಕೆಳಗೆ ವಿವರದ ಸಾಲು ಬೇಕು, ದೊಡ್ಡ ಅಕ್ಷರದಲ್ಲೇ: ‘ಹಿರಿಯರ ಹಗಲು ಕೇಂದ್ರ, ಬೆಳಿಗ್ಗೆ 9ರಿಂದ ಸಂಜೆ 5’. ಸಮಯ ಬರೆಯುವುದನ್ನು ನಾನು ಒತ್ತಿ ಹೇಳಿದೆ. ಸಂಜೆಗೆ ಮನೆಗೆ ಮರಳುತ್ತಾರೆ ಎಂಬುದನ್ನು ಆ ಸೊಸೆ ಓಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ವ್ಯಾನೇ ಹೇಳುತ್ತದೆ. ‘ವೃದ್ಧರು’ ಎಂಬುದನ್ನು ‘ಹಿರಿಯರು’ ಎಂದು ಮಾಡಿದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ.

ಕಾಗದದ ಕೆಲಸ ಕಡಿಮೆಯೇ. ಟ್ರಸ್ಟಿನ ನೋಂದಾಯಿತ ಹೆಸರನ್ನು ಮುಟ್ಟಲಿಲ್ಲ. ಅದರಡಿ ನಡೆಯುವ ಕೇಂದ್ರಕ್ಕೆ ಈ ಹೆಸರು ಎಂದು ಟ್ರಸ್ಟಿಗಳು ಠರಾವು ಮಾಡಿದರು. ರಸೀದಿಯಲ್ಲಿ ಎರಡೂ ಹೆಸರು ಇರುತ್ತವೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬ 2024ರ ತಿದ್ದುಪಡಿ ಕಾನೂನು ಇವರಿಗೆ ತೊಡಕಾಗಲಿಲ್ಲ.

ಬೋರ್ಡಿಗಿಂತ ಅರ್ಜಿಯ ಮೇಲೆ ಹೆಚ್ಚು ಹೊತ್ತು ಕೂತೆವು. ಅದರಲ್ಲಿ ‘ಬಿಟ್ಟು ಹೋಗುವವರ ಹೆಸರು ಮತ್ತು ಸಹಿ’ ಎಂಬ ಸಾಲಿತ್ತು. ಹೆಸರು ಬದಲಿಸಿ ಈ ಸಾಲನ್ನು ಉಳಿಸಿಕೊಂಡರೆ ಬಾಗಿಲಲ್ಲಿ ಸಿಕ್ಕ ಗೌರವ ಮೇಜಿನ ಹತ್ತಿರ ಕಳೆದುಹೋಗುತ್ತದೆ. ಈಗ ಮೊದಲ ಸಹಿ ಹಿರಿಯರದ್ದೇ, ಅವರಿಗೆ ಸಹಿ ಮಾಡಿ ನಿರ್ಧರಿಸುವ ಶಕ್ತಿ ಇರುವ ತನಕ. ಮಗ ಅಥವಾ ಮಗಳು ‘ಮನೆಯ ಸಂಪರ್ಕ’. ‘ದಾಖಲಾತಿ’ ಹೋಗಿ ‘ಸದಸ್ಯತ್ವ’ ಬಂತು. ಫೋನ್ ಎತ್ತುವ ಹುಡುಗಿಗೆ ‘ಯಾವಾಗಿಂದ ಬಿಡ್ತೀರಿ?’ ಎನ್ನುವ ಬದಲು ‘ಅಜ್ಜಾರು ಯಾವಾಗಿಂದ ಬರ್ತಾರ್ರೀ?’ ಎಂದು ಕೇಳಲು ರೂಢಿ ಮಾಡಿಸಬೇಕಾಯಿತು. ಅದಕ್ಕೆ ಸಾಕಷ್ಟು ದಿನ ಹಿಡಿಯಿತು.

ಮಹಡಿಯ ಮೇಲೆ ಎರಡು ಕೋಣೆಗಳಲ್ಲಿ ರಾತ್ರಿ ಉಳಿಯುವ ವ್ಯವಸ್ಥೆ ಮಾಡುವ ವಿಚಾರವೂ ಶೋಭಾ ಅವರಿಗಿತ್ತು. ಅದಕ್ಕೆ ಇದೇ ಹೆಸರು ಬೇಡ ಎಂದೆ. ಪಡಸಾಲಿಯಲ್ಲಿ ಕೂತು ಎದ್ದು ಹೋಗುತ್ತಾರೆ. ಅಲ್ಲೇ ವಾಸ ಎಂದಾದ ದಿನ, ಹಗಲಿಗೆ ಬರುವವರ ಮನೆಯಲ್ಲಿ ‘ನಾಳೆ ನನ್ನನ್ನೂ ಮ್ಯಾಲ ಕಳಸ್ತಾರೇನು’ ಎಂಬ ಭಯ ಹುಟ್ಟುತ್ತದೆ. ಆ ಯೋಜನೆಯನ್ನು ಅವರು ಸದ್ಯಕ್ಕೆ ಬೇರೆ ಕಟ್ಟಡಕ್ಕೆ ಮುಂದೂಡಿದ್ದಾರೆ.

ಹೆಸರಿನಿಂದ ಆಗದ್ದೂ ಇದೆ. ಹೊಸ ಬೋರ್ಡು ಬಂದ ಮೇಲೆ ರೈಲ್ವೆಯ ಹಿರಿಯರು ಸೇರಿದರು, ವ್ಯಾನ್ ಅವರ ಮನೆ ಬಾಗಿಲಿಗೇ ಹೋಗುತ್ತದೆ. ಇನ್ನೊಂದು ಮನೆಯ ಮಗ ಮಾತ್ರ ಹೆಸರು ಕೇಳಿ ಮೆಚ್ಚಿ, ಮತ್ತೆ ಬರಲಿಲ್ಲ. ಮಾತಾಡಿದಾಗ ತಿಳಿದದ್ದು, ತಾಯಿ ಯಾರ ಹತ್ತಿರ ಇರಬೇಕು ಎಂಬುದರ ಮೇಲೆ ಅಣ್ಣತಮ್ಮಂದಿರ ನಡುವೆ ಹೊಲದ ಪಾಲಿನ ಜಗಳವಿತ್ತು. ಅವರ ಅಪರಾಧಭಾವದ ಬೇರು ಅಲ್ಲಿದೆ. ಅವರನ್ನು ಕುಟುಂಬ ಸಮೇತ ಬೇರೆಯಾಗಿ ಕೂಡಿಸಿ ಮಾತಾಡುತ್ತಿದ್ದೇನೆ. ತಾಯಿಯನ್ನು ನಿಜವಾಗಿಯೇ ತೊರೆಯಲು ಜಾಗ ಹುಡುಕುವವರು ಬಂದರೆ ಏನು ಮಾಡಲಿ ಎಂದು ಶೋಭಾ ಅವರು ಕೇಳಿದ್ದರು. ಅಂಥವರಿಗೆ ಹಿತವಾದ ಹೆಸರಿನ ನೆರಳು ಕೊಡಬೇಕಾಗಿಲ್ಲ. ಹಿರಿಯರನ್ನು ತೊರೆಯುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಶಿಕ್ಷಾರ್ಹ. ಸಂಜೆ ವ್ಯಾನ್ ಬಿಡಲು ಹೋದಾಗ ಮನೆಯಲ್ಲಿ ಯಾರೂ ಇಲ್ಲದ ಸ್ಥಿತಿ ಮರುಕಳಿಸಿದರೆ ಮೊದಲು ಮನೆಯವರ ಜೊತೆ ಮಾತಾಡಿ, ಆಗಲೂ ಆಗದಿದ್ದರೆ 14567 ಹಿರಿಯರ ಸಹಾಯವಾಣಿಗೆ ತಿಳಿಸಿ ಎಂದು ಅವರಿಗೆ ಬರೆದುಕೊಟ್ಟಿದ್ದೇನೆ.